ಟ್ಯಾಂಕರ್ ಲೆಕ್ಕದ ಎಂಟು ಸಾಲು: ಮೊದಲ ಡೇಟಾ ಕೋರ್ಸಿಗೆ ಎಕ್ಸೆಲ್ಲೋ, ಪೈಥಾನೋ, ಆರ್ ಭಾಷೆಯೋ?

(ಬಸವನಗುಡಿಯಲ್ಲಿ ಪದವಿ ಕಾಲೇಜುಗಳ ಅಧ್ಯಾಪಕರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಬರೆದು ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆಯಿಂದ ಇಲ್ಲಿ ಒಂದೇ ಪ್ರಶ್ನೆ ಓಡಾಡುತ್ತಿದೆ. ಮುಂದಿನ ಸೆಮಿಸ್ಟರಿಗೆ ಡೇಟಾ ವಿಶ್ಲೇಷಣೆಯ ಮೊದಲ ಕೋರ್ಸ್ ಶುರು ಮಾಡಬೇಕು. ಮಕ್ಕಳಿಗೆ ಎಕ್ಸೆಲ್ ಕಲಿಸೋಣವೋ, ಪೈಥಾನ್ ಕಲಿಸೋಣವೋ, ಆರ್ ಕಲಿಸೋಣವೋ? ಈ ಪ್ರಶ್ನೆಗೆ ಪಟ್ಟಿ ಹಾಕಿ ಉತ್ತರ ಹೇಳುವುದು ಸುಲಭ. ಇದು ವೇಗ, ಅದು ಉಚಿತ, ಇನ್ನೊಂದಕ್ಕೆ ಕೆಲಸ ಜಾಸ್ತಿ. ಆ ಪಟ್ಟಿಯಿಂದ ನಾನು ಪಾಠ ಮಾಡುವಾಗ ಒಮ್ಮೆಯೂ ಪ್ರಯೋಜನ ಕಂಡಿಲ್ಲ. ಅದಕ್ಕೇ ಇವತ್ತು ಒಂದೇ ಒಂದು ಚಿಕ್ಕ ಲೆಕ್ಕ ತಂದಿದ್ದೇನೆ. ಎಂಟು ಸಾಲಿನದ್ದು. ಅದನ್ನು ಮೂರೂ ಕಡೆ ಮಾಡಿ ನೋಡೋಣ. ಮೊದಲ ಸಲ ಕಲಿಯುವ ಹುಡುಗಿ ಎಲ್ಲಿ ತಪ್ಪುತ್ತಾಳೆ, ತಪ್ಪಿದಾಗ ಅದು ಅವಳ ಕಣ್ಣಿಗೆ ಬೀಳುತ್ತದಾ ಇಲ್ಲವಾ, ಅಷ್ಟನ್ನೇ ನೋಡೋಣ.

ಲೆಕ್ಕ ನಮ್ಮ ಮನೆಯ ಹತ್ತಿರದ್ದು. 2024ರ ಬೇಸಿಗೆ ನೆನಪಿದೆ ಅಲ್ವಾ? ಬೋರ್‌ವೆಲ್ ಬತ್ತಿ ಇಡೀ ಊರು ಟ್ಯಾಂಕರ್ ಹಿಂದೆ ಓಡಿದ ಬೇಸಿಗೆ. ಆ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತು. 5ರಿಂದ 10 ಕಿಲೋಮೀಟರ್ ದೂರಕ್ಕೆ 6,000 ಲೀಟರಿನ ಟ್ಯಾಂಕರಿಗೆ 750 ರೂಪಾಯಿ, 12,000 ಲೀಟರಿನದಕ್ಕೆ 1,200 ರೂಪಾಯಿ. ಜಿಎಸ್‌ಟಿ ಬೇರೆ; ಅದನ್ನು ಇವತ್ತು ಬದಿಗಿಡೋಣ. ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್ ಬರೆದಿಟ್ಟ ರಿಜಿಸ್ಟರಿನ ಮಾದರಿಯಲ್ಲಿ ನಾನು ಮಾಡಿಕೊಂಡ ಫೈಲ್ ಇದು. ಪಾಠಕ್ಕೆ ಅನುಕೂಲವಾಗಲಿ ಅಂತ ಅಂಕಿಗಳನ್ನು ಚೊಕ್ಕ ಮಾಡಿದ್ದೇನೆ. ಗಲೀಜನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

```
date,litre,rupees
01/04/2024,6000,900
03/04/2024,12000,1500
06/04/2024,6000,
09/04/2024,6000,900
11/04/2024,12000,1600
13/04/2024,6000,1000
16/04/2024,12000,ಬಾಕಿ
20/04/2024,6000,1100
```

6ನೇ ತಾರೀಖಿನ ಹಣದ ಜಾಗ ಖಾಲಿ ಇದೆ. ಬಿಲ್ ಬಂದಿರಲಿಲ್ಲ, ವಾಚ್‌ಮನ್ ಏನೂ ಬರೆಯಲಿಲ್ಲ. 16ನೇ ತಾರೀಖು ಅವರು 'ಬಾಕಿ' ಅಂತ ಬರೆದರು. ಎರಡರ ಅರ್ಥವೂ ಒಂದೇ: ಹಣ ಎಷ್ಟು ಅಂತ ಇನ್ನೂ ಗೊತ್ತಿಲ್ಲ. ನಮ್ಮ ರಿಜಿಸ್ಟರುಗಳಲ್ಲಿ ಇದು ದಿನಾ ನಡೆಯುವ ವಿಷಯ. ಪ್ರಶ್ನೆ ಕೂಡ ಸರಳ. ಸಾವಿರ ಲೀಟರಿಗೆ ನಾವು ಎಷ್ಟು ಕೊಡುತ್ತಿದ್ದೇವೆ? ಅದು ನಿಗದಿ ದರಕ್ಕಿಂತ ಜಾಸ್ತಿಯಾ, ಕಡಿಮೆಯಾ?

ಮೊದಲು ಸ್ಪ್ರೆಡ್‌ಶೀಟ್. ಎಕ್ಸೆಲ್ ಆಗಲಿ, ಗೂಗಲ್ ಶೀಟ್ಸ್ ಆಗಲಿ, ಲಿಬ್ರೆ ಆಫೀಸ್ ಆಗಲಿ, ಈ ಲೆಕ್ಕದ ಮಟ್ಟಿಗೆ ಮೂರೂ ಒಂದೇ. ವಿದ್ಯಾರ್ಥಿನಿ ಹೀಗೆ ಬರೆಯುತ್ತಾಳೆ:

```
=SUM(C2:C9)/SUM(B2:B9)*1000
```

ಉತ್ತರ 106.06. ಯಾವ ಎಚ್ಚರಿಕೆಯೂ ಇಲ್ಲ, ಕೆಂಪು ಗುರುತೂ ಇಲ್ಲ. ನಿಗದಿ ದರದಲ್ಲಿ ಇದೇ ಎಂಟು ಟ್ಯಾಂಕರಿಗೆ ಎಷ್ಟಾಗುತ್ತಿತ್ತು? 6,000 ಲೀಟರಿನವು ಐದು, 12,000 ಲೀಟರಿನವು ಮೂರು. ಒಟ್ಟು 7,350 ರೂಪಾಯಿ, ಅಂದರೆ ಸಾವಿರ ಲೀಟರಿಗೆ ಸುಮಾರು 111. ನಾವು ಕೊಟ್ಟದ್ದು 106. ಹಾಗಾದರೆ ಟ್ಯಾಂಕರಿನವರು ನಿಗದಿಗಿಂತ ಕಡಿಮೆಯೇ ತೆಗೆದುಕೊಂಡಿದ್ದಾರೆ. ಪಾಪ, ಸುಮ್ನೆ ಅವರ ಮೇಲೆ ಜಗಳಕ್ಕೆ ಹೋಗಿದ್ದೆವು!

ಈಗ ರಿಜಿಸ್ಟರನ್ನು ಕಣ್ಣಿಂದ ಓದಿ. ಒಂದಾದರೂ ಟ್ಯಾಂಕರ್ ನಿಗದಿ ದರದಲ್ಲಿ ಬಂದಿದೆಯಾ? 6,000 ಲೀಟರಿಗೆ 750 ಇರಬೇಕಾದ ಕಡೆ 900, 1,000, 1,100 ಇದೆ. 12,000 ಲೀಟರಿಗೆ 1,200 ಇರಬೇಕಾದ ಕಡೆ 1,500, 1,600 ಇದೆ. ಪ್ರತಿಯೊಂದೂ ಜಾಸ್ತಿ. ಬಿಡಿಬಿಡಿಯಾಗಿ ಎಲ್ಲವೂ ಜಾಸ್ತಿ ಇರುವಾಗ ಒಟ್ಟು ದರ ಕಡಿಮೆ ಬರುವುದು ಹೇಗೆ?

ಆಗಿದ್ದು ಇಷ್ಟು. SUM ಖಾಲಿ ಸೆಲ್ಲನ್ನೂ, ಅಕ್ಷರ ಇರುವ ಸೆಲ್ಲನ್ನೂ ಬಿಟ್ಟು ಕೂಡುತ್ತದೆ. ಮೇಲಿನ ಮೊತ್ತದಲ್ಲಿ ಆರು ಟ್ಯಾಂಕರಿನ ಹಣ ಇದೆ, 7,000 ರೂಪಾಯಿ. ಕೆಳಗಿನ ಮೊತ್ತದಲ್ಲಿ ಎಂಟು ಟ್ಯಾಂಕರಿನ ನೀರಿದೆ, 66,000 ಲೀಟರ್. ಆರರ ಹಣವನ್ನು ಎಂಟರ ನೀರಿಗೆ ಹಂಚಿದೆವು. ಹಣ ಗೊತ್ತಿರುವ ಆರು ಟ್ಯಾಂಕರುಗಳ ನೀರು 48,000 ಲೀಟರ್ ಮಾತ್ರ. 7,000 ರೂಪಾಯಿಯನ್ನು ಅದಕ್ಕೆ ಹಂಚಿದರೆ ಸಾವಿರ ಲೀಟರಿಗೆ 145.83. ಅದೇ ಆರು ಟ್ಯಾಂಕರಿಗೆ ನಿಗದಿ ದರ 112.50. ಒಂದು ಉತ್ತರ ಟ್ಯಾಂಕರಿನವರನ್ನು ಹೊಗಳುತ್ತದೆ, ಇನ್ನೊಂದು ಸುಮಾರು ಶೇಕಡಾ 30ರಷ್ಟು ಜಾಸ್ತಿ ವಸೂಲಿ ಆಗಿದೆ ಅನ್ನುತ್ತದೆ. ಮಧ್ಯೆ ಇರುವುದು ಎರಡೇ ಎರಡು ಸೆಲ್.

ಇದನ್ನು ಸ್ಪ್ರೆಡ್‌ಶೀಟಿನಲ್ಲೇ ಹಿಡಿಯಬಹುದು. ನಾನು ಮೊದಲ ವಾರದಲ್ಲೇ ಮೂರು ಸೂತ್ರ ಪಕ್ಕಪಕ್ಕ ಬರೆಸುತ್ತೇನೆ: `=ROWS(C2:C9)`, `=COUNTA(C2:C9)`, `=COUNT(C2:C9)`. ಉತ್ತರ 8, 7, 6. ಸಾಲುಗಳು ಎಂಟು. ಏನಾದರೂ ಬರೆದಿರುವುದು ಏಳು. ಅಂಕಿ ಇರುವುದು ಆರು. ಮೂರೂ ಬೇರೆ ಬೇರೆ ಬಂದ ಕೂಡಲೇ ತರಗತಿಯಲ್ಲಿ ಗುಸುಗುಸು ಶುರುವಾಗುತ್ತದೆ. ಯಾವ ಸೆಲ್ ಅಂತ ಹುಡುಕುತ್ತಾರೆ, ಬೆರಳಿಟ್ಟು ತೋರಿಸುತ್ತಾರೆ. ಆಮೇಲೆ ಸರಿಯಾದ ಸೂತ್ರ ಬರೆಸುತ್ತೇನೆ:

```
=SUM(C2:C9)/SUMIF(C2:C9,">0",B2:B9)*1000
```

ಹಣದ ಕಾಲಂನಲ್ಲಿ ಅಂಕಿ ಇರುವ ಸಾಲುಗಳ ನೀರನ್ನು ಮಾತ್ರ ಕೂಡು ಅಂತ ಇದರ ಅರ್ಥ. 145.83 ಬರುತ್ತದೆ. ಒಂದು ಎಚ್ಚರಿಕೆ ಹೇಳಬೇಕು. ಎಕ್ಸೆಲ್ಲಿನಲ್ಲಿ C2ರಿಂದ C9ರವರೆಗಿನ ಸೆಲ್ಲುಗಳನ್ನು ಆರಿಸಿದಾಗ ಕೆಳಗಿನ ಪಟ್ಟಿಯಲ್ಲಿ Count ಅಂತ ಕಾಣುತ್ತದಲ್ಲ, ಅದು COUNTA ತರಹದ್ದು. ಇಲ್ಲಿ 7 ತೋರಿಸುತ್ತದೆ. ಅದನ್ನು ನೋಡಿ 'ಏಳು ಅಂಕಿ ಇದೆ' ಅಂತ ಸಮಾಧಾನ ಮಾಡಿಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಈಗ ಇದೇ ಫೈಲನ್ನು ಪೈಥಾನಿಗೆ ಕೊಡೋಣ. ಡೇಟಾ ಕೋರ್ಸಿನಲ್ಲಿ ಪೈಥಾನ್ ಅಂದರೆ ಬಹುಪಾಲು ಪ್ಯಾಂಡಾಸ್ ಲೈಬ್ರರಿ. ವೆಸ್ ಮೆಕಿನ್ನಿ 2008ರಲ್ಲಿ ಶುರು ಮಾಡಿದ್ದು.

```python
import pandas as pd
df = pd.read_csv("tanker.csv")
df["rupees"].sum() / df["litre"].sum() * 1000
```

ಇದು ಉತ್ತರ ಕೊಡುವುದಿಲ್ಲ. `TypeError` ಅಂತ ನಿಲ್ಲುತ್ತದೆ. ಒಂದೇ ಒಂದು 'ಬಾಕಿ' ಇದ್ದದ್ದಕ್ಕೆ ಇಡೀ ಕಾಲಮ್ಮನ್ನು ಪ್ಯಾಂಡಾಸ್ ಅಕ್ಷರಗಳ ಕಾಲಂ ಅಂದುಕೊಂಡಿದೆ. ಇದು ಒಳ್ಳೆಯದೇ. ಸ್ಪ್ರೆಡ್‌ಶೀಟ್ ಬಾಯಿ ಮುಚ್ಚಿಕೊಂಡಿದ್ದ ಕಡೆ ಪೈಥಾನ್ ಕೂಗಿತು. ಮಗು ಏನು ಮಾಡುತ್ತದೆ? ಆ ತಪ್ಪಿನ ಸಾಲನ್ನೇ ಗೂಗಲ್‌ನಲ್ಲಿ ಹಾಕುತ್ತದೆ. ಮೊದಲ ಉತ್ತರದಲ್ಲೇ ಇದು ಸಿಗುತ್ತದೆ:

```python
df["rupees"] = pd.to_numeric(df["rupees"], errors="coerce")
```

ಅಂಕಿ ಆಗದಿದ್ದನ್ನೆಲ್ಲ 'ಇಲ್ಲ' ಅಂತ ಗುರುತು ಮಾಡು ಅಂತ ಅರ್ಥ. 'ಬಾಕಿ' ಈಗ `NaN` ಆಯಿತು. ಹಳೆಯ ಸಾಲನ್ನು ಮತ್ತೆ ಓಡಿಸಿದರೆ 106.06. ಯಾಕೆಂದರೆ ಪ್ಯಾಂಡಾಸಿನ `sum` ಮತ್ತು `mean` ಎರಡೂ `NaN` ಇರುವ ಜಾಗವನ್ನು ತಾವಾಗಿಯೇ ಬಿಟ್ಟು ಲೆಕ್ಕ ಹಾಕುತ್ತವೆ. ಒಂದು ಸಲ ಕೂಗಿತು, ನಾವು ಬಾಯಿ ಮುಚ್ಚಿಸಿದೆವು, ಆಮೇಲೆ ಅದೂ ಎಕ್ಸೆಲ್ಲಿನ ಹಾಗೇ ತಪ್ಪು ಉತ್ತರ ಕೊಟ್ಟಿತು. ಇಲ್ಲಿ ಇನ್ನೊಂದು ಕಷ್ಟವೂ ಇದೆ. ಎಕ್ಸೆಲ್ಲಿನಲ್ಲಿ 'ಬಾಕಿ' ಕಣ್ಣೆದುರೇ ಕೂತಿತ್ತು. ಇಲ್ಲಿ `df` ಅಂತ ಬರೆದು ನೋಡುವ ಅಭ್ಯಾಸ ಇಲ್ಲದ ಮಗುವಿಗೆ ಆ ಸಾಲು ಕಾಣುವುದೇ ಇಲ್ಲ.

ಆರ್ ಭಾಷೆಗೆ ಬರೋಣ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಸಂಖ್ಯಾಶಾಸ್ತ್ರದ ಮೇಷ್ಟ್ರುಗಳು ಕಟ್ಟಿದ ಭಾಷೆ ಇದು. ಸಂಖ್ಯಾಶಾಸ್ತ್ರದವರ ಮನಸ್ಸು ಅದರ ಒಳಗೆ ಹೇಗೆ ಕೂತಿದೆ ಅನ್ನುವುದು ಈ ಲೆಕ್ಕದಲ್ಲೇ ಕಾಣುತ್ತದೆ.

```r
d <- read.csv("tanker.csv")
d$rupees <- as.numeric(d$rupees)
sum(d$rupees) / sum(d$litre) * 1000
```

ಎರಡನೇ ಸಾಲಿಗೇ ಒಂದು ಎಚ್ಚರಿಕೆ ಬರುತ್ತದೆ: `NAs introduced by coercion`. ಮೂರನೇ ಸಾಲಿಗೆ ಬರುವ ಉತ್ತರ `NA`. ಅಂದರೆ ಗೊತ್ತಿಲ್ಲ. ನನಗೆ ಇದು ಬಹಳ ಇಷ್ಟವಾದ ಉತ್ತರ. ಎರಡು ಬಿಲ್ ಗೊತ್ತಿಲ್ಲದಿದ್ದರೆ ಒಟ್ಟು ಖರ್ಚೂ ಗೊತ್ತಿಲ್ಲ, ಅದು ಸರಿಯಾದ ಮಾತೇ ತಾನೇ? ಗೊತ್ತಿಲ್ಲದ್ದನ್ನು ಬಿಟ್ಟು ಕೂಡಬೇಕಾದರೆ `sum(d$rupees, na.rm = TRUE)` ಅಂತ ನೀವೇ ಕೈಯಾರೆ ಬರೆದು ಹೇಳಬೇಕು.

ಆದರೆ ಇದನ್ನೇ ಹಿಡಿದು ಆರ್ ಗೆದ್ದಿತು ಅಂತ ನಾನು ಹೇಳುವುದಿಲ್ಲ. ಯಾಕೆಂದರೆ ಆ `na.rm = TRUE` ಕೂಡ ಮಕ್ಕಳಿಗೆ ಮಂತ್ರದ ಹಾಗೆ ಬಾಯಿಪಾಠ ಆಗುತ್ತದೆ. ಮೇಲಿನ ಮೊತ್ತಕ್ಕೆ ಮಾತ್ರ ಹಾಕಿದರೆ ಮತ್ತೆ 106.06 ಬರುತ್ತದೆ. ಆರ್ ಕೊಡುವುದು ಒಂದು ನಿಲ್ದಾಣ ಅಷ್ಟೇ. ಅಲ್ಲಿ ಬಸ್ ನಿಂತಾಗ ಮೇಷ್ಟ್ರು 'ಯಾವ ಸಾಲು ಬಿಡುತ್ತಿದ್ದೀಯ, ಅದರ ನೀರನ್ನೂ ಬಿಟ್ಟೆಯಾ?' ಅಂತ ಕೇಳಬೇಕು. ಎಕ್ಸೆಲ್ಲಿನ ಬಸ್ ಆ ನಿಲ್ದಾಣದಲ್ಲಿ ನಿಲ್ಲುವುದೇ ಇಲ್ಲ. ಪ್ಯಾಂಡಾಸಿನದು 'ಬಾಕಿ' ಇದ್ದರೆ ನಿಲ್ಲುತ್ತದೆ, ಬರೀ ಖಾಲಿ ಇದ್ದರೆ ನಿಲ್ಲದೆ ಹೋಗುತ್ತದೆ.

ಸರಿಯಾದ ದಾರಿ ಎರಡು ಭಾಷೆಯಲ್ಲೂ ಒಂದೇ. ಹಣ ಗೊತ್ತಿರುವ ಸಾಲುಗಳನ್ನು ಮೊದಲು ಬೇರೆ ಮಾಡಿ, ಅದಕ್ಕೊಂದು ಹೆಸರಿಟ್ಟು, ಆಮೇಲೆ ಭಾಗಿಸುವುದು.

```r
known <- d[!is.na(d$rupees), ]
sum(known$rupees) / sum(known$litre) * 1000
```

```python
known = df.dropna(subset=["rupees"])
known["rupees"].sum() / known["litre"].sum() * 1000
```

ಎರಡರಲ್ಲೂ 145.83. ಆ `known` ಎಂಬ ಹೆಸರು ನನಗೆ ಮುಖ್ಯ. 'ಗೊತ್ತಿರುವವು ಇವು' ಅಂತ ವಿದ್ಯಾರ್ಥಿನಿ ಬರೆದಿಟ್ಟಳು. ಆರು ತಿಂಗಳ ಮೇಲೆ ಓದಿದರೂ ಅವಳ ತೀರ್ಮಾನ ಅಲ್ಲೇ ಇರುತ್ತದೆ. SUMIF ಸೂತ್ರದಲ್ಲೂ ಅದೇ ತೀರ್ಮಾನ ಇದೆ, ಆದರೆ ಅದನ್ನು ನೋಡಬೇಕಾದರೆ ಆ ಒಂದು ಸೆಲ್ಲಿನ ಮೇಲೆ ಕ್ಲಿಕ್ ಮಾಡಬೇಕು. ಯಾರೂ ಮಾಡುವುದಿಲ್ಲ.

ಇನ್ನು ತಾರೀಖು. ನಮ್ಮಲ್ಲಿ 03/04 ಅಂದರೆ ಏಪ್ರಿಲ್ 3. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿಗೆ ಅದು ಮಾರ್ಚ್ 4. ಎಷ್ಟೋ ಲ್ಯಾಬುಗಳಲ್ಲಿ ಆ ಸೆಟ್ಟಿಂಗ್ ಬದಲಿಸಿರುವುದೇ ಇಲ್ಲ. ಅಂಥ ಯಂತ್ರದಲ್ಲಿ ನಮ್ಮ ಫೈಲ್ ತೆರೆದರೆ ಮೊದಲ ಐದು ಸಾಲು ಜನವರಿ, ಮಾರ್ಚ್, ಜೂನ್, ಸೆಪ್ಟೆಂಬರ್, ನವೆಂಬರ್‌ಗೆ ಹೋಗಿ ಕೂರುತ್ತವೆ. 13, 16, 20ನೇ ತಾರೀಖು ಅದಕ್ಕೆ ಅರ್ಥವಾಗುವುದಿಲ್ಲ, ಹದಿಮೂರನೇ ತಿಂಗಳು ಇಲ್ಲವಲ್ಲ. ಅವು ಬರೀ ಅಕ್ಷರವಾಗಿ ಉಳಿಯುತ್ತವೆ. ಆದರೆ ಇಲ್ಲಿ ಸ್ಪ್ರೆಡ್‌ಶೀಟ್ ಒಂದು ಸುಳಿವು ಕೊಡುತ್ತದೆ. ನೀವು ಅಲೈನ್‌ಮೆಂಟ್ ಮುಟ್ಟದಿದ್ದರೆ ಅಂಕಿ ಮತ್ತು ತಾರೀಖು ಸೆಲ್ಲಿನ ಬಲಕ್ಕೆ ಅಂಟುತ್ತವೆ, ಅಕ್ಷರ ಎಡಕ್ಕೆ. ಐದು ಬಲಕ್ಕೆ, ಮೂರು ಎಡಕ್ಕೆ ನಿಂತಿದ್ದರೆ ಏನೋ ಎಡವಟ್ಟಾಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅದಕ್ಕೇ ನಾನು ಮಕ್ಕಳಿಗೆ ಶುರುವಿನಲ್ಲೇ ಹೇಳುತ್ತೇನೆ: ಫೈಲ್ ತೆರೆದ ಕೂಡಲೇ ಚಂದ ಕಾಣಲಿ ಅಂತ ಎಲ್ಲವನ್ನೂ ಮಧ್ಯಕ್ಕೆ ತರಬೇಡಿ. ಸುಳಿವು ಅಳಿಸಿಹೋಗುತ್ತದೆ.

ಪ್ಯಾಂಡಾಸ್ ತಾರೀಖನ್ನು ತಾನಾಗಿ ಮುಟ್ಟುವುದಿಲ್ಲ, ಅಕ್ಷರವಾಗಿಯೇ ಓದುತ್ತದೆ. `pd.to_datetime` ಅಂತ ಕೇಳಿದಾಗ, 2.0 ಮತ್ತು ಆಮೇಲಿನ ಆವೃತ್ತಿಗಳು ಮೊದಲ ಸಾಲನ್ನು ನೋಡಿ ತಿಂಗಳು ಮೊದಲು ಅಂತ ಊಹಿಸುತ್ತವೆ, 13ನೇ ತಾರೀಖು ಸಿಕ್ಕಾಗ ತಪ್ಪು ಅಂತ ನಿಲ್ಲುತ್ತವೆ. ನಮ್ಮ ರಿಜಿಸ್ಟರ್ 11ಕ್ಕೇ ಮುಗಿದಿದ್ದರೆ? ಸದ್ದಿಲ್ಲದೆ ತಪ್ಪು ತಿಂಗಳು. ಈ ವಿಷಯದಲ್ಲಿ ಆರ್ ಕೂಡ ಸಾಚಾ ಅಲ್ಲ. `as.Date("01/04/2024")` ಅಂತ ಸುಮ್ನೆ ಕೇಳಿ ನೋಡಿ. ಉತ್ತರ `"0001-04-20"`. ಒಂದನೇ ಇಸವಿಯ ಏಪ್ರಿಲ್ 20! ವರ್ಷ ಮೊದಲು ಬರುತ್ತದೆ ಅಂತ ಅದರ ನಂಬಿಕೆ. 01 ಅನ್ನು ವರ್ಷ ಮಾಡಿಕೊಂಡಿತು, 2024ರ ಮೊದಲೆರಡು ಅಂಕಿಯನ್ನು ದಿನ ಮಾಡಿಕೊಂಡಿತು, ಉಳಿದದ್ದನ್ನು ಬಿಸಾಡಿತು. ಯಾವ ಎಚ್ಚರಿಕೆಯೂ ಇಲ್ಲದೆ. ಪರಿಹಾರ ಎರಡೂ ಕಡೆ ಒಂದೇ, ತಾರೀಖಿನ ರೂಪವನ್ನು ನಾವೇ ಹೇಳುವುದು: `format="%d/%m/%Y"`. ಎರಡು ಭಾಷೆಯಲ್ಲೂ ಇದೇ ಬರಹ ನಡೆಯುತ್ತದೆ.

ಇಷ್ಟು ಮಾಡಿದ ಮೇಲೆ ನನಗೆ ಅನಿಸಿದ್ದು ಇದು. ಸ್ಪ್ರೆಡ್‌ಶೀಟಿನಲ್ಲಿ ಡೇಟಾ ಕಾಣುತ್ತದೆ, ನಾವು ಮಾಡಿದ ಕೆಲಸ ಕಾಣುವುದಿಲ್ಲ. ಕೋಡಿನಲ್ಲಿ ಮಾಡಿದ ಕೆಲಸ ಕಾಣುತ್ತದೆ, ಡೇಟಾ ಕಾಣುವುದಿಲ್ಲ. ಏನೂ ಗೊತ್ತಿಲ್ಲದೆ ಬರುವ ಮಗುವಿಗೆ ಮೊದಲು ಬೇಕಾಗಿರುವುದು ಡೇಟಾ ಕಾಣುವುದು. ಒಂದು ಸಾಲು ಅಂದರೆ ಒಂದು ಟ್ಯಾಂಕರ್, ಒಂದು ಕಾಲಂ ಅಂದರೆ ಒಂದು ಗುಣ, ಖಾಲಿ ಬೇರೆ, ಸೊನ್ನೆ ಬೇರೆ. ಇದು ಕೈಗೆ ಹತ್ತುವ ಮೊದಲೇ `df["rupees"]` ಅಂತ ಬರೆಸಿದರೆ ಮಗು ಚೌಕ ಆವರಣದ ಜೊತೆ ಗುದ್ದಾಡುತ್ತದೆ, ಟ್ಯಾಂಕರ್ ಮರೆತೇ ಹೋಗುತ್ತದೆ. ಅದಕ್ಕೆ ನನ್ನ ಸಲಹೆ: ಹನ್ನೆರಡು ವಾರದ ಕೋರ್ಸ್ ಇದ್ದರೆ ಮೊದಲ ಮೂರು ವಾರ ಸ್ಪ್ರೆಡ್‌ಶೀಟ್. ಮೂರೇ ವಾರ. ಅಲ್ಲಿ VLOOKUP, ಮ್ಯಾಕ್ರೋ, ಬಣ್ಣದ ಡ್ಯಾಶ್‌ಬೋರ್ಡ್ ಯಾವುದೂ ಬೇಡ. ಎಣಿಸುವುದು, ಫಿಲ್ಟರ್ ಮಾಡುವುದು, ಒಂದು ಪಿವಟ್ ಟೇಬಲ್, ಒಂದು ಚಾರ್ಟ್ ಸಾಕು.

ಮೂರೇ ವಾರ ಯಾಕೆ ಅಂತ ಕೇಳುತ್ತೀರಿ. ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ನಿವಾಸಿಗಳ ಸಂಘಕ್ಕೆ ಇಂಥದ್ದೇ ಲೆಕ್ಕ ಮಾಡಿಕೊಟ್ಟಿದ್ದೆ. ಫೈಲ್ ನಾಲ್ಕು ಜನರ ಕೈಯಲ್ಲಿ ಓಡಾಡಿತು. ಅವರಲ್ಲಿ ಯಾರೋ ಹಣದ ಕಾಲಮ್ಮನ್ನು ಮಾತ್ರ ಆರಿಸಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ್ದರು. ತಾರೀಖು ಇದ್ದ ಜಾಗದಲ್ಲೇ ಉಳಿಯಿತು, ಹಣ ಮಾತ್ರ ಸ್ಥಾನ ಬದಲಿಸಿತು. ಒಟ್ಟು ಮೊತ್ತ ಬದಲಾಗಲಿಲ್ಲ, ಸರಾಸರಿ ಬದಲಾಗಲಿಲ್ಲ. ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ತಿಂಗಳ ಲೆಕ್ಕ ಮಾಡಿದಾಗ ಮಾತ್ರ ಮೊದಲ ತಿಂಗಳು ವಿಪರೀತ ಖರ್ಚು, ಕೊನೆಯ ತಿಂಗಳು ಪುಕ್ಕಟೆ ನೀರು ಅನ್ನುವ ಹಾಗೆ ಬಂತು. ಸಭೆಯಲ್ಲಿ ಒಬ್ಬರ ಮೇಲೆ ಒಬ್ಬರು ಕೂಗಾಡಿದರು. ಯಾವ ದಿನ, ಯಾವ ಹೆಜ್ಜೆಯಲ್ಲಿ ಕೆಟ್ಟಿತು ಅಂತ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಮೂಲ ರಿಜಿಸ್ಟರ್ ತರಿಸಿ ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ. ಮೂಲ ಫೈಲನ್ನು ಮುಟ್ಟದೆ ಪಕ್ಕದಲ್ಲಿ ಕೋಡ್ ಬರೆದಿದ್ದರೆ ಈ ತೊಂದರೆ ಬರುತ್ತಲೇ ಇರಲಿಲ್ಲ.

ದೊಡ್ಡವರ ಲೆಕ್ಕದಲ್ಲೂ ಇದು ಆಗಿದೆ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ದೇಶಗಳ ಸಾಲ ಮತ್ತು ಬೆಳವಣಿಗೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಜಗತ್ತಿನ ಸರಕಾರಗಳು ಅದನ್ನು ಉಲ್ಲೇಖಿಸಿದವು. 2013ರ ಹೊತ್ತಿಗೆ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ, ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ತರಗತಿಯ ಅಭ್ಯಾಸಕ್ಕೆ ಅಂತ ಆ ಲೆಕ್ಕವನ್ನು ಮತ್ತೆ ಮಾಡಲು ಹೊರಟ. ಎಷ್ಟು ಮಾಡಿದರೂ ತಾಳೆಯಾಗಲಿಲ್ಲ. ಕೊನೆಗೆ ಲೇಖಕರೇ ತಮ್ಮ ಎಕ್ಸೆಲ್ ಫೈಲ್ ಕಳಿಸಿಕೊಟ್ಟರು. ನೋಡಿದರೆ ಸರಾಸರಿಯ ಸೂತ್ರ 30ರಿಂದ 49ನೇ ಸಾಲಿನವರೆಗೆ ಹೋಗಬೇಕಾದ ಕಡೆ 44ಕ್ಕೇ ನಿಂತಿತ್ತು. ಐದು ದೇಶಗಳು ಬಿಟ್ಟುಹೋಗಿದ್ದವು. ಅವರ ಫಲಿತಾಂಶ ಬದಲಾಗಲು ಬೇರೆ ದೊಡ್ಡ ಕಾರಣಗಳೂ ಇದ್ದವು. ಈ ಒಂದು ಸೂತ್ರದ ಪಾಲು ಚಿಕ್ಕದೇ. ಆದರೆ ಫೈಲ್ ಕೈಗೆ ಬರುವವರೆಗೆ ಮೂರು ವರ್ಷ ಅದು ಯಾರಿಗೂ ಕಾಣಲಿಲ್ಲ ಅನ್ನುವುದನ್ನು ಗಮನಿಸಿ.

ಆದ್ದರಿಂದ ನಾಲ್ಕನೇ ವಾರ ಕೋಡಿಗೆ ಹೋಗಿ. ಹೊಸ ಡೇಟಾ ಬೇಡ. ಅದೇ ಟ್ಯಾಂಕರ್ ಫೈಲ್. ಉತ್ತರ 145.83 ಅಂತ ಮಕ್ಕಳಿಗೆ ಆಗಲೇ ಗೊತ್ತಿದೆ. ಕೋಡ್ 106 ಕೊಟ್ಟರೆ ಅವರೇ ಹುಬ್ಬೇರಿಸುತ್ತಾರೆ. ಉತ್ತರ ಗೊತ್ತಿರುವ ಲೆಕ್ಕದಲ್ಲಿ ಹೊಸ ಭಾಷೆ ಕಲಿಯುವುದಕ್ಕೂ, ಉತ್ತರವೂ ಗೊತ್ತಿಲ್ಲದೆ ಭಾಷೆಯೂ ಗೊತ್ತಿಲ್ಲದೆ ಕಲಿಯುವುದಕ್ಕೂ ಬಹಳ ವ್ಯತ್ಯಾಸ ಇದೆ.

ಯಾವ ಭಾಷೆ? ಒಂದೇ ಒಂದು ಅನ್ನುವುದು ಮೊದಲ ಮಾತು. ಮೊದಲ ಕೋರ್ಸಿನಲ್ಲಿ ಎರಡನ್ನೂ ರುಚಿ ತೋರಿಸುತ್ತೇವೆ ಅನ್ನುವ ಸಿಲೆಬಸ್‌ಗಳನ್ನು ನೋಡಿ ನನಗೆ ಸಂಕಟವಾಗುತ್ತದೆ. ಆರ್‌ನಲ್ಲಿ ಮೊದಲ ಸಾಲು `d[1, ]`. ಪ್ಯಾಂಡಾಸಿನಲ್ಲಿ ಮೊದಲ ಸಾಲು `df.iloc[0]`. ಒಂದು ಕಡೆ ಎಣಿಕೆ ಒಂದರಿಂದ, ಇನ್ನೊಂದು ಕಡೆ ಸೊನ್ನೆಯಿಂದ. ಆರ್‌ನಲ್ಲಿ `1:3` ಅಂದರೆ ಮೂರೂ ಸೇರಿ, ಪೈಥಾನಿನಲ್ಲಿ `range(1, 3)` ಅಂದರೆ ಮೂರು ಸೇರುವುದಿಲ್ಲ. ಒಂದನ್ನು ಚೆನ್ನಾಗಿ ತಿಳಿದವರಿಗೆ ಇದು ಅರ್ಧ ದಿನದ ಕೆಲಸ. ಎರಡೂ ಹೊಸದಾದವರಿಗೆ ಎರಡೂ ಕಲಸುಮೇಲೋಗರ.

ನಿಮ್ಮ ಮಕ್ಕಳು ಅರ್ಥಶಾಸ್ತ್ರ, ಕೃಷಿ, ಸಮಾಜಕಾರ್ಯ, ಸಾರ್ವಜನಿಕ ಆರೋಗ್ಯ ಓದುವವರಾದರೆ ನಾನು ಆರ್ ಆರಿಸುತ್ತೇನೆ. ಅವರ ಮುಂದಿನ ಪ್ರಶ್ನೆಗಳು ಸಂಖ್ಯಾಶಾಸ್ತ್ರದವು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳುವ ಅಭ್ಯಾಸ ಅವರಿಗೆ ಮೊದಲು ಬೇಕು. ಆರ್ ಹಾಕಿಕೊಂಡರೆ ಗ್ರಾಫ್, ಸಂಖ್ಯಾಶಾಸ್ತ್ರದ ಪರೀಕ್ಷೆಗಳು ಜೊತೆಗೇ ಬರುತ್ತವೆ. ಬಿಸಿಎ, ಇಂಜಿನಿಯರಿಂಗ್ ಮಕ್ಕಳಾದರೆ ಪೈಥಾನ್. ಅವರು ಮುಂದೆ ಹೇಗೂ ಪ್ರೋಗ್ರಾಂ ಬರೆಯುತ್ತಾರೆ, ಬೇರೆ ವಿಷಯಗಳಲ್ಲೂ ಅದೇ ಭಾಷೆ ಸಿಗುತ್ತದೆ. 'ಪೈಥಾನ್ ಕಲಿತರೆ ತಾನೇ ಕೆಲಸ' ಅಂತ ಅಪ್ಪ ಅಮ್ಮಂದಿರು ಕೇಳುತ್ತಾರೆ. ಈ ಊರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಪೈಥಾನ್ ಕೇಳುವವರು ಜಾಸ್ತಿ, ನಿಜ. ಆ ಮಾತನ್ನು ತಳ್ಳಿಹಾಕಬೇಡಿ. ಬಿಕಾಂ ವಿಷಯದಲ್ಲಿ ನನಗೆ ಎರಡೂ ಒಂದೇ. ಅಲ್ಲಿ ಕಾಲೇಜಿನಲ್ಲಿ ಯಾರಿಗೆ ಯಾವುದು ಬರುತ್ತದೋ ಅದನ್ನೇ ಇಟ್ಟುಕೊಳ್ಳಿ. ಲ್ಯಾಬಿನಲ್ಲಿ ತಪ್ಪು ಬಂದಾಗ ಪಕ್ಕದಲ್ಲಿ ಕೂತು ನೋಡುವ ಒಬ್ಬ ಮೇಷ್ಟ್ರು ಇರುವುದು ಭಾಷೆಗಿಂತ ಮುಖ್ಯ.

ಎಲ್ಲಿ ಓಡಿಸುವುದು ಅನ್ನುವುದರಲ್ಲೂ ಎರಡು ಮಾತು. ಪೈಥಾನಿಗೆ ಬ್ರೌಸರಿನಲ್ಲೇ ಓಡುವ ಗೂಗಲ್ ಕೋಲ್ಯಾಬ್ ನೋಟ್‌ಬುಕ್ ಬಳಸಿದರೆ ಇನ್‌ಸ್ಟಾಲ್ ಮಾಡುವ ಗೋಳಿಲ್ಲ. ಆದರೆ ಅಲ್ಲಿಗೆ ಅಪ್‌ಲೋಡ್ ಮಾಡಿದ ಫೈಲ್ ಸೆಷನ್ ಮುಗಿದ ಮೇಲೆ ಉಳಿಯುವುದಿಲ್ಲ. ಮರುದಿನ `FileNotFoundError` ಬರುತ್ತದೆ, ಮಕ್ಕಳು ತಮ್ಮ ಕೋಡ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಮೊದಲೇ ಹೇಳಿಡಿ. ಇನ್ನೊಂದು, ನೋಟ್‌ಬುಕ್ಕಿನಲ್ಲಿ ಕೋಡಿನ ತುಂಡುಗಳಾದ ಸೆಲ್ಲುಗಳನ್ನು ಹೇಗೆಂದರೆ ಹಾಗೆ ಹಿಂದೆ ಮುಂದೆ ಓಡಿಸಬಹುದು. `to_numeric` ಸೆಲ್ ಓಡಿಸಿ ಆಮೇಲೆ ಅಳಿಸಿದರೂ ಅದರ ಫಲ ನೆನಪಿನಲ್ಲಿ ಉಳಿದಿರುತ್ತದೆ. ಉತ್ತರ ಬರುತ್ತದೆ, ಕೋಡ್ ಮಾತ್ರ ಇಲ್ಲ. ಕೆಲಸ ಕಾಣುತ್ತದೆ ಅಂತ ಕೋಡಿಗೆ ಬಂದೆವು, ಇಲ್ಲೂ ಮರೆಯಾಯಿತು! ಅದಕ್ಕೆ ಒಪ್ಪಿಸುವ ಮೊದಲು ಎಲ್ಲವನ್ನೂ ಹೊಸದಾಗಿ ಶುರು ಮಾಡಿ ಮೇಲಿಂದ ಕೆಳಗೆ ಒಂದು ಸಲ ಓಡಿಸಬೇಕು ಅಂತ ನಿಯಮ ಮಾಡಿ. ಆರ್‌ಸ್ಟುಡಿಯೋದಲ್ಲೂ ಇದೇ ನಿಯಮ. ಮುಚ್ಚುವಾಗ ಅದು ವರ್ಕ್‌ಸ್ಪೇಸ್ ಉಳಿಸಲಾ ಅಂತ ಕೇಳಿದರೆ ಬೇಡ ಅನ್ನಿ.

ಕನ್ನಡದ ಬಗ್ಗೆ ಒಬ್ಬ ಮೇಡಂ ಬೆಳಿಗ್ಗೆ ಕೇಳಿದರು. ಕಾಲಂ ಹೆಸರುಗಳನ್ನು ಇಂಗ್ಲಿಷಿನಲ್ಲಿಡಿ, ಒಳಗಿನ ಮಾತು ಕನ್ನಡದಲ್ಲಿರಲಿ, ತೊಂದರೆ ಕಡಿಮೆ. ಸಿಎಸ್‌ವಿ ಫೈಲನ್ನು ಎಕ್ಸೆಲ್ಲಿನಲ್ಲಿ ನೇರ ಎರಡು ಸಲ ಕ್ಲಿಕ್ ಮಾಡಿ ತೆರೆದಾಗ 'ಬಾಕಿ' ಬದಲು `à²¬à²¾` ಅಂತ ಶುರುವಾಗುವ ಗೀಚು ಕಂಡರೆ ಹೆದರಬೇಡಿ. ಡೇಟಾ ಕೆಟ್ಟಿಲ್ಲ, ಎಕ್ಸೆಲ್ ಯೂನಿಕೋಡ್ ಅಂತ ಗುರುತಿಸಲಿಲ್ಲ ಅಷ್ಟೇ. ಉಳಿಸುವಾಗ `CSV UTF-8` ಆರಿಸಿ. ಆ ಗೀಚಿನ ಮೇಲೆಯೇ ಸೇವ್ ಮಾಡಿದರೆ ಮಾತ್ರ ನಿಜವಾಗಿ ಕೆಡುತ್ತದೆ. ಚಾರ್ಟಿನಲ್ಲಿ ಕನ್ನಡ ಬೇಕೆಂದರೆ ಸ್ಪ್ರೆಡ್‌ಶೀಟಿನಲ್ಲಿ ಸಲೀಸು. ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್ ಮೊದಲಿಗೆ ಬರೀ ಚೌಕಗಳನ್ನು ಬಿಡಿಸುತ್ತದೆ, ಅದರ ಮೂಲ ಅಕ್ಷರವಿನ್ಯಾಸದಲ್ಲಿ ಕನ್ನಡ ಇಲ್ಲ. ಕನ್ನಡ ಫಾಂಟ್ ಕೊಟ್ಟ ಮೇಲೂ ನಾನು ಬಳಸಿದ ಆವೃತ್ತಿಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ನಿಂತವು. ಆರ್‌ನಲ್ಲಿ ggplot2 ಎಂಬ ಪ್ಯಾಕೇಜಿನಿಂದ ಬಿಡಿಸಿದ ಚಿತ್ರವನ್ನು ragg ಎಂಬ ಇನ್ನೊಂದು ಪ್ಯಾಕೇಜಿನ ಮೂಲಕ ಉಳಿಸಿದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಪಂಚಾಯಿತಿಗೋ ಸಂಘಕ್ಕೋ ಕನ್ನಡದಲ್ಲೇ ವರದಿ ಕೊಡಬೇಕಾದ ಮಕ್ಕಳಿದ್ದರೆ ಇದೂ ಆಯ್ಕೆಯ ಒಂದು ಕಾರಣ.

ಕೊನೆಯಲ್ಲಿ ಒಬ್ಬರು ಕೇಳಿದರು: 'ಸರ್, ಆ ಎರಡು ಬಾಕಿ ಬಿಲ್ ಆಮೇಲೆ ಬಂದವಾ?' ಬಂದವು ಅಂತಲೇ ಇಟ್ಟುಕೊಳ್ಳೋಣ, ನನ್ನ ಕೋರ್ಸಿನ ಕೊನೆಯ ಪರೀಕ್ಷೆಯೇ ಅದು. ಹನ್ನೆರಡನೇ ವಾರ ಹೊಸ ಫೈಲ್ ಕೊಡುತ್ತೇನೆ. 6ನೇ ತಾರೀಖಿಗೆ 950, 16ನೇ ತಾರೀಖಿಗೆ 1,700. ಹತ್ತು ನಿಮಿಷದಲ್ಲಿ ಹೊಸ ದರ ಹೇಳಬೇಕು. ಕೋಡ್ ಸರಿಯಾಗಿ ಬರೆದವರು ಫೈಲ್ ಬದಲಿಸಿ ಒಂದು ಸಲ ಓಡಿಸುತ್ತಾರೆ. 9,650 ರೂಪಾಯಿ, 66,000 ಲೀಟರ್, ಸಾವಿರಕ್ಕೆ 146.21. ಮೊದಲಿನ 145.83ಕ್ಕೂ ಇದಕ್ಕೂ ನಲವತ್ತು ಪೈಸೆಯಷ್ಟೂ ವ್ಯತ್ಯಾಸ ಇಲ್ಲ. ಆಮೇಲೆ ಎರಡನೇ ಪ್ರಶ್ನೆ: ಈಗ `known` ನಲ್ಲಿ ಎಷ್ಟು ಸಾಲಿವೆ, ಮೊದಲು ಎಷ್ಟಿದ್ದವು? 'ಈಗ ಎಂಟು, ಮೊದಲು ಆರು' ಅಂತ ಬರೆದವರಿಗೆ ಅರ್ಧದಷ್ಟು ಅಂಕ ಅಲ್ಲಿಯೇ ಇಟ್ಟಿದ್ದೇನೆ.